ಜನವರಿಯಲ್ಲೇ ಗೊತ್ತಿತ್ತಾ ಮೇಡಂ?

ಮಾರ್ಚ್ 12, ಗುರುವಾರ, ರಾತ್ರಿ

ಇವತ್ತು ಟೀಮಿಗೆ ಹೇಳಿಬಿಟ್ಟೆ. ಗೋದಾಮಿನ ಸರಕಿನ ಲೆಕ್ಕ ಇಡುವ ಸ್ಟಾಕ್ ಆ್ಯಪ್ ನಿಲ್ಲಿಸುತ್ತಿದ್ದೇವೆ.

ಮೊನ್ನೆ ಬರೆದಿಟ್ಟುಕೊಂಡಿದ್ದ ಮಾತಿನಲ್ಲಿ "ಆದ್ಯತೆಗಳು ಬದಲಾಗಿವೆ" ಅಂತ ಇತ್ತು. ಬೆಳಿಗ್ಗೆ ಅದನ್ನು ತೆಗೆದುಹಾಕಿದೆ. ಅಷ್ಟೇ ಹೇಳಿದರೆ ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲೇ ಏನೋ ತಪ್ಪಾಯಿತು ಅಂದುಕೊಳ್ಳುತ್ತಾರೆ. ಅದಕ್ಕೇ ನಡೆದದ್ದನ್ನು ಹಾಗೇ ಹೇಳಿದೆ. 40 ಗೋದಾಮು ಕೆಲಸಗಾರರಿಗೆ ಆ್ಯಪ್ ಕೊಟ್ಟಿದ್ದೆವು. ಮೂರನೇ ವಾರ ಅದನ್ನು ದಿನವೂ ತೆರೆಯುತ್ತಿದ್ದವರು 6 ಜನ. ಆ್ಯಪ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಸಹಿ ಇರುವ ರಿಜಿಸ್ಟರ್ ಅವರು ಇಡಲೇಬೇಕು. ಮೊದಲು ಪುಸ್ತಕದಲ್ಲಿ ಬರೆಯುವುದು, ಆಮೇಲೆ ಅದನ್ನೇ ಫೋನಿನಲ್ಲಿ ತುಂಬುವುದು. ನಮ್ಮಿಂದ ಅವರ ಕೆಲಸ ಜಾಸ್ತಿಯಾಯಿತು. ರಿಜಿಸ್ಟರ್ ಬಿಡಲು ಅವರ ಮೇಲಿನವರು ಒಪ್ಪಲಿಲ್ಲ. ಇದು ಕೋಡ್ ತಿದ್ದಿದರೆ ಸರಿಹೋಗುವ ವಿಷಯವಲ್ಲ.

ಸಿಂಕ್ ಭಾಗ ಬರೆದವಳಿಗೆ ಮೀಟಿಂಗಿಗೆ ಒಂದು ಗಂಟೆ ಮುಂಚೆಯೇ ಬೇರೆಯಾಗಿ ಹೇಳಿದ್ದೆ. ನೆಟ್‌ವರ್ಕ್ ಇಲ್ಲದಾಗ ಇಬ್ಬರು ಒಂದೇ ಲೆಕ್ಕ ಬದಲಿಸಿದರೆ ಏನಾಗಬೇಕು ಅನ್ನುವುದನ್ನು ಐದು ತಿಂಗಳು ಕೂತು ಬಿಡಿಸಿದವಳು ಅವಳು. ಎಲ್ಲರ ಮುಂದೆ ಅವಳು ಅದನ್ನು ಮೊದಲ ಸಲ ಕೇಳಬಾರದು ಅನ್ನಿಸಿತ್ತು.

"ನನ್ನ ಕೋಡ್ ಅಳಿಸಿಬಿಡ್ತೀರಾ?"

ಇಲ್ಲ ಅಂದೆ. ಸಿಂಕ್ ಭಾಗ ಬಿಲ್ಲಿಂಗ್ ಟೀಮಿಗೆ ಹೋಗುತ್ತದೆ. ಅಲ್ಲಿ ಅದನ್ನು ನೋಡಿಕೊಳ್ಳುವವರು ಯಾರು ಅಂತ ಗೊತ್ತುಮಾಡಿಕೊಂಡೇ ಬಂದಿದ್ದೆ. ಎರಡು ವಾರ ಇವಳು ಅವರ ಜೊತೆ ಕೂರುತ್ತಾಳೆ. ಸ್ಕ್ರೀನುಗಳ ಕೋಡ್ ಯಾರಿಗೂ ಬೇಕಾಗಿಲ್ಲ. ಅದು ಓದಲು ಮಾತ್ರ ಸಿಗುವ ಹಾಗೆ ಆರ್ಕೈವಿನಲ್ಲಿ ಉಳಿಯುತ್ತದೆ. "ಎಲ್ಲಾ ಮುಂದೆ ಉಪಯೋಗಕ್ಕೆ ಬರುತ್ತೆ" ಅಂತ ಸುಮ್ನೆ ಹೇಳಲು ಮನಸ್ಸಾಗಲಿಲ್ಲ. ಗೋದಾಮಿನವರ ಡೇಟಾ ಅವರಿಗೆ ಕೊಟ್ಟು, ಅವರು ತೆರೆದು ನೋಡಿ ಸರಿಯಿದೆ ಅಂದ ಮೇಲೆ ನಮ್ಮ ಕಡೆ ಅಳಿಸುತ್ತೇವೆ. ಸರ್ವರ್ ನಿಲ್ಲಿಸುವುದು ಅದಾದ ಮೇಲೆಯೇ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು. "ಮೂರನೇ ವಾರ ಅಂದ್ರೆ ಜನವರಿ ಅಲ್ವಾ? ಆಗಲೇ ಗೊತ್ತಿತ್ತಾ ಮೇಡಂ?"

ಗೊತ್ತಿತ್ತು. ರಿಜಿಸ್ಟರ್ ವಿಷಯ ಹೇಗಾದರೂ ಒಪ್ಪಿಸಬಹುದು ಅಂತ ಕಾದೆ. ಅಷ್ಟರಲ್ಲಿ ಅವಳು ಎರಡು ಶನಿವಾರ ಬಂದು ಕೆಲಸ ಮಾಡಿದ್ದಾಳೆ. ಆ 6 ಜನರ ಲೆಕ್ಕವನ್ನು ಅವತ್ತೇ ಟೀಮಿಗೆ ತೋರಿಸಬಹುದಿತ್ತು. ತೋರಿಸಲಿಲ್ಲ. ಹಾಗೇ ಹೇಳಿ ಕ್ಷಮೆ ಕೇಳಿದೆ. ಅವಳು ಪರವಾಗಿಲ್ಲ ಅನ್ನಲಿಲ್ಲ.

ಮೀಟಿಂಗಿನಲ್ಲಿ ಎಲ್ಲರೂ ಮೊದಲು ಕೇಳಿದ್ದು ಕೆಲಸದ ಬಗ್ಗೆ. ಯಾರ ಕೆಲಸವೂ ಹೋಗುವುದಿಲ್ಲ. ನಾಲ್ವರಿಗೆ ಜಾಗ ಗೊತ್ತಾಗಿದೆ, ಟೆಸ್ಟಿಂಗ್ ಹುಡುಗನಿಗೆ ಇನ್ನೂ ಇಲ್ಲ. ಅವನಿಗೆ ಸೋಮವಾರದೊಳಗೆ ಹೇಳುತ್ತೇನೆ ಅಂದಿದ್ದೇನೆ.

ಈಗ ಆರ್ಕೈವಿಗೆ ಹಾಕುವ README ಬರೆಯುತ್ತಾ ಕೂತಿದ್ದೇನೆ. ಯಾಕೆ ನಿಲ್ಲಿಸಿದೆವು ಅನ್ನುವುದು ಒಂದೇ ಸಲಕ್ಕೆ ಬಂತು. ಯಾವಾಗ ಗೊತ್ತಾಯಿತು ಅನ್ನುವ ಸಾಲಿನಲ್ಲಿ ಮಾರ್ಚ್ ಅಂತ ಬರೆದು ಅಳಿಸಿದೆ. ಜನವರಿ ಅಂತ ಹಾಕಿದರೆ ನಾಳೆ ಅದನ್ನು ಬಿಲ್ಲಿಂಗ್ ಟೀಮಿನವರೂ ಓದುತ್ತಾರೆ, ಅವಳೂ ಓದುತ್ತಾಳೆ.