ಗೇಜ್ ವಿಭಾಗಕ್ಕೆ ಪರಿಪಕ್ವತೆಯ ಅಂಕ: ಆಂತರಿಕ ಆಡಿಟ್‌ನ ಪ್ರಗತಿ ಟಿಪ್ಪಣಿ

ಜೂನ್, ಮೊದಲ ವಾರ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ತಯಾರಿಸುವ ಒಂದು ಘಟಕದ ಗುಣಮಟ್ಟ ವಿಭಾಗವನ್ನು ಈ ಬಾರಿ ಆಂತರಿಕ ಆಡಿಟ್‌ಗೆ ತೆಗೆದುಕೊಂಡಿದ್ದೇವೆ. ಐಎಸ್‌ಒ 9001ರ ಪ್ರಕಾರ ‘ಸರಿ’, ‘ಸರಿಯಿಲ್ಲ’ ಎಂದಷ್ಟೇ ಬರೆಯುವ ವಾಡಿಕೆಯ ಜೊತೆಗೆ, ವಿಭಾಗದ ಪ್ರಕ್ರಿಯೆಗಳು ಎಷ್ಟು ಬೇರೂರಿವೆ ಎಂಬುದನ್ನೂ ಅಳೆಯಬೇಕೆಂದು ವ್ಯವಸ್ಥಾಪಕರು ಕೇಳಿದ್ದರಿಂದ, ಐಎಸ್‌ಒ/ಐಇಸಿ 33020ರ ಅಳತೆ ಚೌಕಟ್ಟನ್ನು ಆರಿಸಿಕೊಂಡೆವು. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಸೊನ್ನೆಯೆಂದರೆ ಪ್ರಕ್ರಿಯೆ ತನ್ನ ಉದ್ದೇಶವನ್ನು ಈಡೇರಿಸುತ್ತಿಲ್ಲ. ಒಂದೆಂದರೆ ಕೆಲಸ ನಡೆಯುತ್ತಿದೆ. ಎರಡೆಂದರೆ ಯೋಜನೆ, ಮೇಲ್ವಿಚಾರಣೆ ಮತ್ತು ದಾಖಲೆಗಳ ನಿಯಂತ್ರಣವೂ ಇದೆ. ಮೂರೆಂದರೆ ಘಟಕದಾದ್ಯಂತ ಒಂದೇ ನಿಗದಿತ ವಿಧಾನ ಜಾರಿಯಲ್ಲಿದೆ. ಅದರ ಮೇಲಿನ ಎರಡು ಹಂತಗಳಿಗೆ ಅಂಕಿಅಂಶಗಳ ಬಲ ಬೇಕು.

ಪ್ರತಿ ಹಂತದ ಗುಣಲಕ್ಷಣಕ್ಕೂ ನಾಲ್ಕು ಶ್ರೇಣಿಗಳಲ್ಲಿ ಒಂದನ್ನು ಕೊಡಬೇಕು: ಈಡೇರಿಕೆ 15 ಪ್ರತಿಶತದವರೆಗಿದ್ದರೆ ‘ಇಲ್ಲ’, 50ರವರೆಗೆ ‘ಭಾಗಶಃ’, 85ರವರೆಗೆ ‘ಬಹುಮಟ್ಟಿಗೆ’, ಅದಕ್ಕೂ ಮೇಲೆ ‘ಪೂರ್ಣ’. ಒಂದು ಹಂತ ದಕ್ಕಬೇಕಾದರೆ ಆ ಹಂತದ ಗುಣಲಕ್ಷಣಗಳು ಕನಿಷ್ಠ ‘ಬಹುಮಟ್ಟಿಗೆ’ ಇರಬೇಕು, ಅದರ ಕೆಳಗಿನ ಹಂತಗಳದ್ದೆಲ್ಲ ‘ಪೂರ್ಣ’ ಇರಬೇಕು. ಈ ಎರಡನೆಯ ಷರತ್ತು ಓದುವಾಗ ಸಣ್ಣದಾಗಿ ಕಂಡರೂ ಇಡೀ ಫಲಿತಾಂಶ ಅದರ ಮೇಲೆಯೇ ನಿಂತಿದೆ.

ಮೊದಲಿಗೆ ಅಳತೆ ಉಪಕರಣಗಳ ಓದು ಸರಿಯಿದೆಯೇ ಎಂದು ನೋಡುವ ಕ್ಯಾಲಿಬ್ರೇಶನ್ ಪ್ರಕ್ರಿಯೆಯನ್ನೇ ಹಿಡಿದೆವು. ವಿಭಾಗದ ಮುಖ್ಯಸ್ಥರು ತಮ್ಮ ಸ್ವಮೌಲ್ಯಮಾಪನದಲ್ಲಿ ಇದಕ್ಕೆ ಮೂರನೇ ಹಂತ ಬರೆದುಕೊಂಡಿದ್ದರು. ಲಿಖಿತ ಕಾರ್ಯವಿಧಾನವಿದೆ, ಉಪಕರಣಗಳ ರಿಜಿಸ್ಟರ್ ಇದೆ, ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರಗಳು ಫೈಲಿನಲ್ಲಿವೆ. “ಸರ್ಟಿಫಿಕೇಟ್ ಎಲ್ಲಾ ಅದಾವಲ್ರೀ ಸರ್, ಇನ್ನೇನ್ ಬೇಕ್ರೀ?” ಎಂಬ ಅವರ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವಿತ್ತು.

ಜೂನ್, ಮೂರನೇ ವಾರ

ಸಾಕ್ಷ್ಯದ ಹಾಳೆಯನ್ನು ಸಿದ್ಧಪಡಿಸಿಕೊಂಡೆವು. ಏನನ್ನು ನೋಡಿದೆವು, ಎಲ್ಲಿ, ದಾಖಲೆಯ ಸಂಖ್ಯೆ ಮತ್ತು ದಿನಾಂಕ ಯಾವುದು ಎಂಬ ಅಂಕಣಗಳು ಎಲ್ಲ ಹಾಳೆಗಳಲ್ಲೂ ಇರುತ್ತವೆ. ನಾವು ‘ಈ ಸಾಕ್ಷ್ಯ ಏನನ್ನು ಸಾಬೀತು ಮಾಡುವುದಿಲ್ಲ’ ಎಂಬ ಇನ್ನೊಂದು ಅಂಕಣವನ್ನೂ ಸೇರಿಸಿದೆವು. ಲಿಖಿತ ಕಾರ್ಯವಿಧಾನವು ವಿಧಾನ ನಿಗದಿಯಾಗಿದೆ ಎಂಬುದಕ್ಕೆ ಸಾಕ್ಷ್ಯವೇ ಹೊರತು ಅದು ಜಾರಿಯಲ್ಲಿದೆ ಎಂಬುದಕ್ಕಲ್ಲ. ಪ್ರಮಾಣಪತ್ರವು, ಉಪಕರಣ ಪ್ರಯೋಗಾಲಯಕ್ಕೆ ಹೋಗಿ ಬಂದಿದೆ ಎಂಬುದಕ್ಕೆ ಸಾಕ್ಷ್ಯ. ಅದರೊಳಗಿನ ಅಂಕಿಗಳನ್ನು ಯಾರಾದರೂ ಓದಿದ್ದಾರೆ ಎಂಬುದಕ್ಕಲ್ಲ.

ಮಾದರಿಗಳನ್ನು ಎರಡು ದಿಕ್ಕಿನಿಂದ ಆರಿಸಿದೆವು. ಕೆಲವು ಉಪಕರಣಗಳನ್ನು ರಿಜಿಸ್ಟರಿನಿಂದ ಹಿಡಿದು ಯಂತ್ರಗಳಿರುವ ಶಾಪ್‌ಗೆ ಹೋಗಿ ಹುಡುಕಿದೆವು, ಉಳಿದವನ್ನು ಶಾಪ್‌ನಲ್ಲಿ ಕೈಗೆತ್ತಿಕೊಂಡು ರಿಜಿಸ್ಟರಿನಲ್ಲಿ ಹುಡುಕಿದೆವು. ಮೊದಲ ದಿಕ್ಕಿನಲ್ಲಿ ಎಲ್ಲವೂ ಸಿಕ್ಕವು. ಎರಡನೆಯ ದಿಕ್ಕಿನಲ್ಲಿ, ಲೇತ್ ಪಕ್ಕದ ಡ್ರಾಯರಿನಲ್ಲಿ ಗುರುತಿನ ಸಂಖ್ಯೆಯೇ ಇಲ್ಲದ ಒಂದು ವರ್ನಿಯರ್ ಸಿಕ್ಕಿತು. ಅದು ಆಪರೇಟರ್ ಸ್ವಂತಕ್ಕೆ ಕೊಂಡದ್ದಾಗಿದ್ದು, ಅದರಿಂದಲೇ ಅಳತೆಗಳು ನಡೆಯುತ್ತಿದ್ದವು. ರಿಜಿಸ್ಟರಿನಿಂದಷ್ಟೇ ಆರಂಭಿಸಿದ್ದರೆ ಅದು ಎಂದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಮುಖ್ಯವಾದ ಸಂಗತಿ ಸಿಕ್ಕಿದ್ದು ನೀರಿನ ಒತ್ತಡದಲ್ಲಿ ವಾಲ್ವ್ ಪರೀಕ್ಷಿಸುವ ಹೈಡ್ರೋ ಟೆಸ್ಟ್ ಬೆಂಚಿನ ಪ್ರೆಶರ್ ಗೇಜ್‌ನಲ್ಲಿ. ಇಲ್ಲಿ 16 ಬಾರ್ ದರ್ಜೆಯ ವಾಲ್ವ್‌ಗಳ ಬಾಡಿ ಟೆಸ್ಟ್ ಒಂದೂವರೆ ಪಟ್ಟು, ಅಂದರೆ 24 ಬಾರ್ ಒತ್ತಡದಲ್ಲಿ ನಡೆಯುತ್ತದೆ. ಗೇಜ್‌ನ ವ್ಯಾಪ್ತಿ 0ಯಿಂದ 40 ಬಾರ್, ನಿಖರತೆಯ ದರ್ಜೆ 1.0, ದೋಷವನ್ನು ಪೂರ್ಣ ವ್ಯಾಪ್ತಿಯ ಮೇಲೆ ಲೆಕ್ಕ ಹಾಕುವುದರಿಂದ ಅದಕ್ಕೆ ಅನುಮತಿಸಿದ ದೋಷ ಎರಡೂ ಬದಿಗೆ 0.4 ಬಾರ್. ಹಿಂದಿನ ಪ್ರಮಾಣಪತ್ರದಲ್ಲಿ, ಹೊಂದಿಸುವ ಮುನ್ನ ತೆಗೆದ ಓದು 24 ಬಾರ್ ಬಿಂದುವಿನಲ್ಲಿ 0.7 ಬಾರ್ ಹೆಚ್ಚು ತೋರಿಸುತ್ತಿತ್ತು. ಪ್ರಯೋಗಾಲಯ ಅದನ್ನು ಹೊಂದಿಸಿ, ಮತ್ತೆ ಓದು ತೆಗೆದು, ಮಿತಿಯೊಳಗಿದೆ ಎಂದು ಬರೆದು ಕಳುಹಿಸಿತ್ತು. ವಿಭಾಗದಲ್ಲಿ ಕೊನೆಯ ಸಾಲನ್ನು ನೋಡಿ ‘ಒಪ್ಪಿದೆ’ ಎಂಬ ಮೊಹರು ಒತ್ತಲಾಗಿತ್ತು. ಅದೇ ದಿನದ ಇತರ ಪ್ರಮಾಣಪತ್ರಗಳ ಮೇಲೂ ಅದೇ ಮೊಹರು, ಅದೇ ಶಾಯಿ.

ಗೇಜ್ ಪ್ರಯೋಗಾಲಯಕ್ಕೆ ಹೋಗುವ ಮುನ್ನ ಮುಳ್ಳು 24ಕ್ಕೆ ಬಂದಾಗ ವಾಲ್ವ್‌ನೊಳಗೆ ಇದ್ದದ್ದು ಸುಮಾರು 23.3 ಬಾರ್. ಉಪಕರಣ ಮಿತಿ ಮೀರಿದೆ ಎಂದು ಗೊತ್ತಾದಾಗ ಹಿಂದಿನ ಅಳತೆಗಳ ಸಿಂಧುತ್ವಕ್ಕೆ ಧಕ್ಕೆಯಾಗಿದೆಯೇ ಎಂದು ನಿರ್ಧರಿಸಿ, ಅಗತ್ಯವಿದ್ದಂತೆ ಕ್ರಮ ಕೈಗೊಳ್ಳಬೇಕೆಂದು ಐಎಸ್‌ಒ 9001:2015ರ 7.1.5.2ನೇ ಕಲಮು ಹೇಳುತ್ತದೆ. ಇಲ್ಲಿ ಆ ಪ್ರಶ್ನೆಯನ್ನೇ ಯಾರೂ ಎತ್ತಿರಲಿಲ್ಲ. ಎತ್ತಿದ್ದರೆ ಉತ್ತರ ಕಷ್ಟವೂ ಆಗಿರಲಿಲ್ಲ: ಟೆಸ್ಟ್ ರಿಜಿಸ್ಟರಿನಲ್ಲಿ 25 ಬಾರ್ ಎಂದು ದಾಖಲಾದ ವಾಲ್ವ್‌ಗಳು ಸುಮಾರು 24.3 ಬಾರ್ ಕಂಡಿರುವುದರಿಂದ ಪಾರಾಗುತ್ತವೆ, 24 ಎಂದಿರುವವನ್ನಷ್ಟೇ ಬೇರ್ಪಡಿಸಿ ಮರುಪರೀಕ್ಷೆಯ ನಿರ್ಧಾರ ತೆಗೆದುಕೊಳ್ಳಬಹುದಿತ್ತು. ಇದನ್ನು ಅಂಕದೊಳಗೆ ಕರಗಿಸದೆ, ಕಲಮಿನ ಸಂಖ್ಯೆಯೊಡನೆ ಪ್ರತ್ಯೇಕ ಅನನುಸರಣೆಯಾಗಿ ಅಂದೇ ಬರೆದುಕೊಟ್ಟೆವು. ಒಳ್ಳೆಯ ಅಂಕ ಬಂದ ಪ್ರಕ್ರಿಯೆಯಲ್ಲೂ ಅನನುಸರಣೆ ಅನನುಸರಣೆಯೇ.

ಜುಲೈ, ಮೊದಲ ವಾರ

ಅಂಕ ಕೊಡುವಾಗ ನಾನು ಮತ್ತು ನನ್ನ ಜೊತೆಗಿನ ಆಡಿಟರ್ ಬೇರೆ ಬೇರೆ ಕುಳಿತು ಬರೆದು ಆಮೇಲೆ ಹೋಲಿಸಿದೆವು. ಮೊದಲ ಹಂತದ ಏಕೈಕ ಗುಣಲಕ್ಷಣಕ್ಕೆ, ಅಂದರೆ ಕೆಲಸ ಉದ್ದೇಶಿತ ಫಲ ಕೊಡುತ್ತಿದೆಯೇ ಎಂಬುದಕ್ಕೆ, ಇಬ್ಬರೂ ‘ಬಹುಮಟ್ಟಿಗೆ’ ಬರೆದಿದ್ದೆವು: ಗುರುತಿಸುವಿಕೆ ಮತ್ತು ಸಕಾಲಿಕ ಕ್ಯಾಲಿಬ್ರೇಶನ್ ಹೆಚ್ಚುಕಡಿಮೆ ಸರಿಯಿದೆ, ಮಿತಿ ಮೀರಿದ ಉಪಕರಣದ ಪರಿಣಾಮವನ್ನು ಪರಿಶೀಲಿಸುವ ಫಲವೇ ಇಲ್ಲ. ಎರಡನೇ ಹಂತದ ಯೋಜನೆಗೆ ‘ಬಹುಮಟ್ಟಿಗೆ’, ಏಕೆಂದರೆ ಗಡುವಿನ ಪಟ್ಟಿಯನ್ನು ಪ್ರತಿ ತಿಂಗಳೂ ನೋಡುತ್ತಾರೆ, ಆದರೆ ನೋಡುವವರು ಒಬ್ಬರೇ, ಅವರು ರಜೆ ಹಾಕಿದ ತಿಂಗಳ ಸಾಲು ಖಾಲಿಯಿದೆ. ದಾಖಲೆಗಳ ನಿಯಂತ್ರಣದಲ್ಲಿ ಭಿನ್ನಾಭಿಪ್ರಾಯ ಬಂತು. ಮೊಹರನ್ನು ಪರಿಶೀಲನೆಯೆಂದು ಎಣಿಸಿದ ಅವರು ‘ಬಹುಮಟ್ಟಿಗೆ’ ಎಂದಿದ್ದರು, ನಾನು ‘ಭಾಗಶಃ’ ಎಂದಿದ್ದೆ. ಸರಾಸರಿ ತೆಗೆಯದೆ ಮತ್ತೆ ಫೈಲು ತೆರೆದು ಹುಡುಕಿದೆವು. ಸ್ವೀಕಾರ ಮಿತಿಯೊಡನೆ ಅಂಕಿಗಳನ್ನು ಹೋಲಿಸಿದ ಗುರುತು ಮಾದರಿಯ ಯಾವ ಪ್ರಮಾಣಪತ್ರದಲ್ಲೂ ಸಿಗದ್ದರಿಂದ ‘ಭಾಗಶಃ’ ಉಳಿಯಿತು.

ಮೂರನೇ ಹಂತದ ವಿಧಾನ ನಿಗದಿಗೆ ‘ಪೂರ್ಣ’ ಕೊಡಲು ಹಿಂಜರಿಯಲಿಲ್ಲ. ಆ ಕಾರ್ಯವಿಧಾನ ನಿಜಕ್ಕೂ ಚೆನ್ನಾಗಿದೆ, ಪರಿಣಾಮ ಪರಿಶೀಲನೆಯ ನಮೂನೆಯೂ ಅದರ ಕೊನೆಯಲ್ಲಿದೆ, ಬಳಕೆಯಾಗಿಲ್ಲ ಅಷ್ಟೇ. ಜಾರಿಗೆ ‘ಭಾಗಶಃ’: ಎರಡನೇ ಪಾಳಿಯ ಇನ್‌ಸ್ಪೆಕ್ಟರ್ ಅದನ್ನು ನೋಡಿಯೇ ಇರಲಿಲ್ಲ. ನಾಲ್ಕನೇ ಹಂತಕ್ಕೆ ಕೈ ಹಾಕಲಿಲ್ಲ. ಎಲ್ಲ ಉಪಕರಣಗಳಿಗೂ ಒಂದೇ ವರ್ಷದ ಅವಧಿಯಿಟ್ಟು, ಯಾವುದರ ಓದು ಎಷ್ಟು ಸರಿಯುತ್ತದೆ ಎಂಬ ಲೆಕ್ಕವನ್ನೇ ಇಡದಲ್ಲಿ ಅಳೆಯಲು ಏನೂ ಇಲ್ಲ.

ಮೊದಲ ಹಂತದ್ದೇ ‘ಪೂರ್ಣ’ ಆಗದ್ದರಿಂದ ಪ್ರಕ್ರಿಯೆ ಒಂದನೇ ಹಂತದಲ್ಲಿ ನಿಂತಿತು. ಶ್ರೇಣಿಗಳ ಸರಾಸರಿ ತೆಗೆದಿದ್ದರೆ ಎರಡರ ಆಸುಪಾಸಿನ ಅಂಕ ಬರುತ್ತಿತ್ತು, ಆಗ ಟೆಸ್ಟ್ ಬೆಂಚಿನ ಕಥೆ ಅದರೊಳಗೆ ಅಡಗಿಹೋಗುತ್ತಿತ್ತು. ವರದಿಯಲ್ಲಿ ಹಂತದ ಸಂಖ್ಯೆಯ ಜೊತೆಗೆ ನಾವು ನೋಡಿದ ಐದೂ ಗುಣಲಕ್ಷಣಗಳ ಶ್ರೇಣಿಯನ್ನು ಕೊಟ್ಟಿದ್ದೇವೆ, ಏಕೆಂದರೆ ಮುಖ್ಯಸ್ಥರು ಮೂರೆಂದು ಬರೆದದ್ದಕ್ಕೆ ಆಧಾರವಿತ್ತು ಎಂಬುದೂ ಅದರಿಂದಲೇ ಕಾಣುತ್ತದೆ.

ಜುಲೈ, ಕೊನೆಯ ವಾರ

ಗುರುತಿಲ್ಲದ ವರ್ನಿಯರ್ ಶಾಪ್‌ನಿಂದ ಹೊರಬಿದ್ದಿದೆ. 24 ಬಾರ್ ಎಂದು ದಾಖಲಾದ ವಾಲ್ವ್‌ಗಳ ಪಟ್ಟಿ ಸಿದ್ಧವಾಗಿದ್ದು, ಗೋದಾಮಿನಲ್ಲಿರುವವುಗಳ ಮರುಪರೀಕ್ಷೆ ನಡೆಯುತ್ತಿದೆ. ರವಾನೆಯಾದವುಗಳ ಬಗ್ಗೆ ಗ್ರಾಹಕರಿಗೆ ಬರೆಯುವ ನಿರ್ಧಾರ ವ್ಯವಸ್ಥಾಪಕರ ಮೇಜಿನ ಮೇಲಿದೆ. ಹೊಂದಿಸುವ ಮುಂಚಿನ ಓದನ್ನು ಕಡ್ಡಾಯವಾಗಿ ಕೊಡಬೇಕೆಂಬ ಸಾಲನ್ನು ಪ್ರಯೋಗಾಲಯದ ಪರ್ಚೇಸ್ ಆರ್ಡರಿಗೆ ಸೇರಿಸಿದ್ದಾರೆ. ಅದರ ಆಧಾರದ ಮೇಲೆ ಶ್ರೇಣಿ ಏರಿಸಬೇಕೆಂದು ಮುಖ್ಯಸ್ಥರು ಕೇಳಿದರು. ಹೊಸ ಆದೇಶದಡಿ ಹೋದ ಮೊದಲ ತಂಡದ ಗೇಜ್‌ಗಳು ಮರಳಿ, ಅವುಗಳ ಓದನ್ನು ಮಿತಿಯೊಡನೆ ಹೋಲಿಸಿ ಸಹಿ ಮಾಡಿದ ಹಾಳೆ ಕೈಗೆ ಬರುವವರೆಗೆ ಶ್ರೇಣಿ ಈಗಿರುವಂತೆಯೇ ಇರುತ್ತದೆ ಎಂದು ತಿಳಿಸಿದ್ದೇವೆ.