ಹೊಸ ಮ್ಯಾನೇಜರ್‌ನ ಮೊದಲ ಮೇಲ್‌ನಲ್ಲಿ ಟೀಮ್ ಹುಡುಕುವುದೇನು?

ಫೆಬ್ರವರಿಯಲ್ಲಿ ಬೆಳ್ಳಂದೂರಿನ ಒಂದು ಕಂಪನಿಯ ಸಪೋರ್ಟ್ ಟೀಮ್‌ಗೆ ಮ್ಯಾನೇಜರ್ ಆಗಿ ಸೇರಿದೆ. ಹಿಂದಿನ ಮ್ಯಾನೇಜರ್ ಕೆಲಸ ಬಿಟ್ಟಿದ್ದರು. ನಾನು ಬರುವ ತನಕ ಟೀಮ್‌ನ ಸೀನಿಯರ್ ಒಬ್ಬರೇ ಎಲ್ಲವನ್ನೂ ಸಂಭಾಳಿಸಿದ್ದರು.

ಇಂಥ ಹೊತ್ತಿನಲ್ಲಿ ಬರುವ ಪರಿಚಯದ ಮೇಲ್‌ಗಳನ್ನು ನಾನೂ ಟೀಮ್‌ನಲ್ಲಿ ಕೂತು ಓದಿದವಳೇ. ಎಲ್ಲಿ ಓದಿದ್ದು, ಎಷ್ಟು ವರ್ಷದ ಅನುಭವ ಅನ್ನೋದನ್ನೆಲ್ಲ ಎಲ್ಲರೂ ಲಿಂಕ್ಡ್‌ಇನ್‌ನಲ್ಲಿ ಆಗಲೇ ನೋಡಿರುತ್ತಾರೆ. ಮೇಲ್‌ನಲ್ಲಿ ಕಣ್ಣು ಹುಡುಕುವುದೇ ಬೇರೆ. ನಾನು ಹಾಕಿದ ರಜೆ ಏನಾಗುತ್ತೆ? ವರ್ಕ್ ಫ್ರಮ್ ಹೋಮ್ ದಿನಗಳು ಹಾಗೇ ಇರ್ತವಾ? ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತೆ, ನನ್ನ ಕೆಲಸವನ್ನೇ ನೋಡದವರು ನನಗೆ ಹೇಗೆ ರೇಟಿಂಗ್ ಕೊಡ್ತಾರೆ?

ಹಾಗಾಗಿ ಬರೆಯುವ ಮುಂಚೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡೆ. ಎಚ್‌ಆರ್ ಪೋರ್ಟಲ್‌ನಲ್ಲಿ ಮ್ಯಾನೇಜರ್ ಹೆಸರು ಬದಲಾಗಿತ್ತು. ಆದರೆ ಅದಕ್ಕೂ ಮುಂಚೆ ಹಾಕಿದ್ದ ರಜೆ ಅರ್ಜಿಗಳು ಹಿಂದಿನವರ ಹೆಸರಿನಲ್ಲೇ ಸಿಕ್ಕಿಕೊಂಡಿದ್ದವು. ಒಬ್ಬರದು ತಂಗಿ ಮದುವೆಗೆ ಹಾಕಿದ್ದ ರಜೆ. ಟಿಕೆಟ್ ಬುಕ್ ಮಾಡಿಯಾಗಿದೆ, ಪೋರ್ಟಲ್‌ನಲ್ಲಿ ಇನ್ನೂ ‘ಪೆಂಡಿಂಗ್’ ಅಂತಲೇ ಇದೆ! ಎಚ್‌ಆರ್‌ಗೆ ಹೇಳಿ ಅವನ್ನೆಲ್ಲ ನನ್ನ ಹೆಸರಿಗೆ ತರಿಸಿಕೊಂಡೆ. ಅಪ್ರೈಸಲ್ ಬಗ್ಗೆ ನಮ್ಮ ಡೈರೆಕ್ಟರ್ ಹತ್ತಿರ ನೇರವಾಗಿ ಕೇಳಿದೆ. ಹಿಂದಿನ ಮ್ಯಾನೇಜರ್ ಹೋಗುವಾಗ ಪ್ರತಿಯೊಬ್ಬರ ಬಗ್ಗೆಯೂ ಬರೆದುಕೊಟ್ಟಿದ್ದರು. ಅದನ್ನೇ ಮುಖ್ಯವಾಗಿ ನೋಡುವುದು ಅಂತ ತೀರ್ಮಾನವಾಯಿತು.

ಆಮೇಲೆ ಆ ಸೀನಿಯರ್ ಜೊತೆ ಕಾಫಿಗೆ ಕೂತೆ. ಇದನ್ನು ಯಾರೂ ಬಿಡಬಾರದು ಅಂತ ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ ಟೀಮ್ ನಡೆಸಿದವರಿಗೆ ತಮ್ಮ ಜವಾಬ್ದಾರಿ ಏನಾಯಿತು ಅಂತ ಎಲ್ಲರ ಜೊತೆಗೇ ಮೇಲ್ ಓದಿ ಗೊತ್ತಾಗಬಾರದು, ಅಲ್ವಾ? ಶಿಫ್ಟ್ ಪಟ್ಟಿಯನ್ನು ನಾನೇ ಮುಂದುವರಿಸಲಾ ಅಂತ ಅವರು ಕೇಳಿದರು. ಹೂಂ ಅಂದೆ. ಅದನ್ನೂ ಮೇಲ್‌ಗೆ ಸೇರಿಸಿದೆ.

ಡೈರೆಕ್ಟರ್ ಸೋಮವಾರ ನನ್ನ ನೇಮಕದ ವಿಷಯ ತಿಳಿಸಿದರು. ನನ್ನ ಮೇಲ್ ಹೋಗಿದ್ದು ಮಂಗಳವಾರ ಬೆಳಿಗ್ಗೆ. ಶುಕ್ರವಾರ ಸಂಜೆ ಕಳಿಸಿದರೆ ಪ್ರಶ್ನೆ ಇದ್ದವರು ಎರಡು ದಿನ ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಕೂರಬೇಕಾಗುತ್ತದೆ. ಟೀಮ್‌ನಲ್ಲಿ ಬೇರೆ ಬೇರೆ ಊರಿನವರು ಇರುವುದರಿಂದ ಇಂಗ್ಲಿಷ್‌ನಲ್ಲಿ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ನಾನು ಈ ಟೀಮ್‌ನ ಮ್ಯಾನೇಜರ್. ಇದಕ್ಕೆ ಮುಂಚೆ ಪೇಮೆಂಟ್ಸ್ ಸಪೋರ್ಟ್ ಟೀಮ್ ನೋಡಿಕೊಳ್ಳುತ್ತಿದ್ದೆ. ಊರು ಹಾಸನ.

ಈಗಾಗಲೇ ಒಪ್ಪಿಗೆ ಸಿಕ್ಕ ರಜೆಗಳು ಹಾಗೇ ಇರುತ್ತವೆ. ಪೆಂಡಿಂಗ್ ಇರುವವು ನನ್ನ ಹತ್ತಿರ ಬಂದಿವೆ, ಗುರುವಾರದೊಳಗೆ ಉತ್ತರ ಕೊಡುತ್ತೇನೆ. ವರ್ಕ್ ಫ್ರಮ್ ಹೋಮ್ ದಿನಗಳನ್ನು ಮಾರ್ಚ್ ಮುಗಿಯುವವರೆಗೆ ಬದಲಿಸುವುದಿಲ್ಲ. ಶಿಫ್ಟ್ ಪಟ್ಟಿಯನ್ನು ಇಷ್ಟು ದಿನ ನೋಡಿಕೊಂಡವರೇ ಮುಂದೆಯೂ ನೋಡಿಕೊಳ್ಳುತ್ತಾರೆ. ಈ ತಿಂಗಳುಗಳಲ್ಲಿ ಟೀಮ್ ನಡೆಸಿದ್ದಕ್ಕೆ ಅವರಿಗೆ ಧನ್ಯವಾದ.

ಈ ವರ್ಷದ ಅಪ್ರೈಸಲ್‌ಗೆ ಹಿಂದಿನ ಮ್ಯಾನೇಜರ್ ಬರೆದುಕೊಟ್ಟಿರುವುದನ್ನೇ ಮುಖ್ಯವಾಗಿ ನೋಡುತ್ತೇವೆ. ಅದರಲ್ಲಿ ಏನಾದರೂ ಬಿಟ್ಟುಹೋಗಿದೆ ಅನಿಸಿದರೆ ನನಗೆ ಹೇಳಿ.

ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಮಾತಾಡಬೇಕು. ಇನ್ವೈಟ್ ಇವತ್ತೇ ಬರುತ್ತದೆ. ಏನೂ ತಯಾರಿ ಬೇಡ.”

ಇಷ್ಟೇ. ಫೋನ್‌ನಲ್ಲಿ ಓದಿದರೂ ಒಂದೆರಡು ಸಲ ಸ್ಕ್ರಾಲ್ ಮಾಡಿದರೆ ಮುಗಿಯುತ್ತದೆ.

ವರ್ಕ್ ಫ್ರಮ್ ಹೋಮ್ ಸಾಲಿಗೆ ‘ಮಾರ್ಚ್ ಮುಗಿಯುವವರೆಗೆ’ ಅಂತ ಸೇರಿಸಿದ್ದಕ್ಕೆ ಕಾರಣ ಇದೆ. ಆಫೀಸಿಗೆ ಎಷ್ಟು ದಿನ ಬರಬೇಕು ಅನ್ನೋದು ಕಂಪನಿಯ ನಿಯಮ, ಅದು ನನ್ನ ಕೈಯಲ್ಲಿಲ್ಲ. ‘ಏನೂ ಬದಲಾಗುವುದಿಲ್ಲ’ ಅಂತ ಬರೆದು ಏಪ್ರಿಲ್‌ನಲ್ಲಿ ಹೊಸ ನಿಯಮ ಬಂದರೆ, ಮುಂದೆ ನಾನು ಬರೆಯುವ ಯಾವ ಮೇಲ್ ಅನ್ನೂ ಯಾರೂ ನಂಬುವುದಿಲ್ಲ. ‘ಏನೂ ತಯಾರಿ ಬೇಡ’ ಅನ್ನುವುದೂ ಸುಮ್ನೆ ಸೇರಿಸಿದ್ದಲ್ಲ. ಅದಿಲ್ಲದಿದ್ದರೆ ಅರ್ಧ ಜನ ಸ್ಲೈಡ್ ಮಾಡಿಕೊಂಡು ಬರುತ್ತಾರೆ.

ಮೇಲ್ ಮುಟ್ಟಬೇಕಾದಲ್ಲಿಗೆ ಮುಟ್ಟಿತಾ ಅಂತ ನೋಡಲು ‘ವೆಲ್‌ಕಮ್’ ಅಂತ ಬರುವ ಉತ್ತರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರಶ್ನೆಗಳು ಯಾರಿಗೆ ಹೋಗುತ್ತಿವೆ ನೋಡಿ. ಎಲ್ಲರೂ ಹಳೇ ಸೀನಿಯರ್‌ಗೇ ಚಾಟ್‌ನಲ್ಲಿ ‘ಇದರ ಅರ್ಥ ಏನು?’ ಅಂತ ಕೇಳುತ್ತಿದ್ದರೆ, ಮೇಲ್‌ನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ನನಗೆ ಅದೇ ದಿನ ಮಧ್ಯಾಹ್ನ ಎರಡು ನೇರ ಪ್ರಶ್ನೆ ಬಂದವು. ಎರಡೂ ಅಪ್ರೈಸಲ್ ಬಗ್ಗೆಯೇ.

ಕಾಂಟ್ರ್ಯಾಕ್ಟ್ ಮೇಲೆ ಇದ್ದವರಿಗೆ ಮಾತ್ರ ಬೇರೆ ಮೇಲ್ ಬರೆದೆ. ಅವರ ರಜೆ, ರಿನ್ಯೂವಲ್ ಎಲ್ಲ ಏಜೆನ್ಸಿ ಮೂಲಕ ನಡೆಯುವುದರಿಂದ ಮೇಲಿನ ಸಾಲುಗಳು ಅವರಿಗೆ ಹೊಂದುವುದಿಲ್ಲ. ಅವರ ಮೇಲ್‌ನಲ್ಲಿ ರಜೆಗೆ ಯಾರನ್ನು ಕೇಳಬೇಕು, ಕಾಂಟ್ರ್ಯಾಕ್ಟ್ ಯಾವ ತಾರೀಖಿನವರೆಗೆ ಇದೆ, ಅದರ ಬಗ್ಗೆ ನಾನು ಏಜೆನ್ಸಿ ಜೊತೆ ಯಾವಾಗ ಮಾತಾಡುತ್ತೇನೆ ಅನ್ನುವುದಷ್ಟೇ ಇತ್ತು.