ಪ್ಲಾನ್ ಫೋಟೋದಿಂದ ಟೈಲ್ಸ್ ಲೆಕ್ಕ

ಅಕ್ಕ ರೂಮಿನ ಪ್ಲಾನ್ ಫೋಟೋ ಕಳಿಸಿ ಟೈಲ್ಸ್ ಎಷ್ಟು ಬೇಕು ಅಂತ ಕೇಳಿದ್ದಳು. ಫೋಟೋ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು, ಕ್ಯಾಮೆರಾ ಸ್ವಲ್ಪ ವಾಲಿದರೂ ಅಳತೆ ಕೆಡುತ್ತದೆ. ಬರೆದಿರುವ ಅಂಕಿಯನ್ನೇ ನಂಬಬೇಕು. ಅದರಲ್ಲಿ 12'6" × 10'3" ಇತ್ತು. 12'6" ಅಂದ್ರೆ ಹನ್ನೆರಡೂವರೆ ಅಡಿ, 12.6 ಅಲ್ಲ.

ವಿಸ್ತೀರ್ಣ ಸುಮಾರು 128 ಚದರಡಿ. ಎರಡಡಿ ಟೈಲ್ ಅಂತ ಮಾರುವುದು ನಿಜವಾಗಿ 600 ಮಿಮೀ, ಅಂದ್ರೆ 3.87 ಚದರಡಿ. ಭಾಗಿಸಿದರೆ 34 ಸಾಕು ಅನ್ಸುತ್ತೆ. ಆದರೆ ಜೋಡಿಸಿ ನೋಡಿದರೆ ಇಡೀ ಟೈಲ್ 6 × 5, ಒಟ್ಟು 30 ಕೂರುತ್ತವೆ, ಒಂದು ಗೋಡೆಗೆ 21 ಸೆಂಮೀ ಪಟ್ಟಿ, ಇನ್ನೊಂದಕ್ಕೆ 12 ಸೆಂಮೀ ಪಟ್ಟಿ ಕತ್ತರಿಸಬೇಕು, ಅದಕ್ಕೆ ಇನ್ನೂ 5 ಹೋಗುತ್ತವೆ. ಎಲ್ಲರೂ ಮರೆಯೋದು ಗೋಡೆಯ ಬುಡಕ್ಕೆ ಸುತ್ತಲೂ ಕೂರಿಸುವ ಪಟ್ಟಿ, ಸ್ಕರ್ಟಿಂಗ್! ಬಾಗಿಲು ಬಿಟ್ಟು 42 ಅಡಿ ಚಿಲ್ಲರೆ, ನಾಲ್ಕಿಂಚಿನ ಪಟ್ಟಿಗೆ ಮತ್ತೆ 5 ಟೈಲ್. ಒಟ್ಟು 40.

ಬಾಕ್ಸಿಗೆ 4 ಟೈಲ್, ಹಾಗಾಗಿ 10 ಬಾಕ್ಸ್. ಒಡೆಯುವುದಕ್ಕೆ ಅಂತ ಇನ್ನೊಂದು ಸೇರಿಸಿ 11 ಹೇಳಿದೆ, ಆಮೇಲೆ ಹೋದರೆ ಅದೇ ಬ್ಯಾಚಿನ ಬಣ್ಣ ಸಿಗೋದು ಕಷ್ಟ ಅಲ್ವಾ. ಚದರಡಿಗೆ 55 ರೂಪಾಯಿ ಹಿಡಿದರೆ ಸುಮಾರು 9,400. ಕೂಲಿ, ಸಿಮೆಂಟ್, ಮರಳು ಬೇರೆ. ಆರ್ಡರ್ ಕೊಡುವ ಮೊದಲು ಮಾತ್ರ ಪ್ಲಾಸ್ಟರ್ ಆದ ಗೋಡೆಯಿಂದ ಗೋಡೆಗೆ ಟೇಪ್ ಹಿಡಿ ಅಂದಿದ್ದೇನೆ.